ವಯಸ್ಸು, ಓದು, ಸಂಸಾರ: ಅಫಿಡವಿಟ್‌ನಲ್ಲಿ ಏನು ಕಾಣುತ್ತೆ, ಏನು ಕಾಣಲ್ಲ

ಎಲೆಕ್ಷನ್ ಬಂದಾಗಲೆಲ್ಲ ಅಭ್ಯರ್ಥಿಗಳ ಅಫಿಡವಿಟ್ ಸುದ್ದಿಯಾಗುತ್ತೆ. ಆಸ್ತಿ ಎಷ್ಟು, ಚಿನ್ನ ಎಷ್ಟು, ಕೇಸು ಎಷ್ಟು. ಎರಡು ದಿನ ಟಿವಿಯಲ್ಲಿ ಬರುತ್ತೆ, ಆಮೇಲೆ ಮರೆತುಹೋಗುತ್ತೆ. ಆದರೆ ಅದೇ ಕಾಗದದಲ್ಲಿ ಇನ್ನೂ ಮೂರು ವಿಷಯ ಇರುತ್ತೆ: ವಯಸ್ಸು, ಓದು, ಕುಟುಂಬ. ವಾಟ್ಸಾಪ್‌ನಲ್ಲಿ ಜಗಳ ಜಾಸ್ತಿ ಆಗೋದು ಈ ಮೂರರ ಮೇಲೇ. "ಇವರ ಡಿಗ್ರಿ ಫೇಕ್", "ಇವರ ವಯಸ್ಸು ಸುಳ್ಳು", "ಇವರು ಮದುವೆ ಮುಚ್ಚಿಟ್ಟಿದ್ದಾರೆ" ಅಂತ ಸ್ಕ್ರೀನ್‌ಶಾಟ್ ಬರುತ್ತೆ, ನಾವು ಫಾರ್ವರ್ಡ್ ಮಾಡ್ತೀವಿ.

ಇವತ್ತು ಒಬ್ಬರೇ ಒಬ್ಬ ವ್ಯಕ್ತಿಯ ಅಫಿಡವಿಟ್‌ಗಳನ್ನ ತಗೊಂಡು ಈ ಮೂರೂ ವಿಷಯ ನೋಡೋಣ. ಎಲ್ಲರಿಗೂ ಗೊತ್ತಿರುವ ವ್ಯಕ್ತಿ, ಪ್ರಧಾನಿ ನರೇಂದ್ರ ಮೋದಿ. ಅವರನ್ನ ಯಾಕೆ ಆರಿಸಿಕೊಂಡೆ ಅಂದ್ರೆ, ಅವರು ಬಹಳ ಸಲ ಚುನಾವಣೆಗೆ ನಿಂತಿದ್ದಾರೆ, ಮೂರೂ ವಿಷಯದ ಬಗ್ಗೆ ಸಾರ್ವಜನಿಕವಾಗಿ ಪ್ರಶ್ನೆ ಎದ್ದಿದೆ, ಕೋರ್ಟ್‌ವರೆಗೂ ಹೋಗಿದೆ. ನೀವು ಅವರ ಪರ ಇರಿ, ವಿರೋಧ ಇರಿ, ಕಾಗದ ಓದೋ ರೀತಿ ಒಂದೇ.

ಮೊದಲೇ ಒಂದು ಮಾತು ಸ್ಪಷ್ಟ ಮಾಡ್ತೀನಿ. ಅಫಿಡವಿಟ್ ಅಂದ್ರೆ ಸರ್ಕಾರ ಪರಿಶೀಲಿಸಿ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಅಭ್ಯರ್ಥಿ "ಇದು ನಿಜ" ಅಂತ ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆ. ನೋಟರಿ ಸೀಲ್ ಇದ್ದರೆ ಅದರ ಅರ್ಥ, ಈ ವ್ಯಕ್ತಿ ನನ್ನ ಮುಂದೆ ಪ್ರಮಾಣ ಮಾಡಿದರು ಅಂತ ಅಷ್ಟೇ. ಒಳಗಿರೋ ವಿಷಯ ಸರಿ ಅಂತ ನೋಟರಿ ಹೇಳ್ತಿಲ್ಲ. ಚುನಾವಣಾಧಿಕಾರಿ ಕೂಡ ಡಿಗ್ರಿ ಅಸಲಿಯೋ ನಕಲಿಯೋ ಅಂತ ತನಿಖೆ ಮಾಡಲ್ಲ. ಹಾಗಾಗಿ ಒಂದು ಅಫಿಡವಿಟ್ ಇಟ್ಟುಕೊಂಡು "ಇದು ನಿಜ" ಅಂತಾನೂ ಹೇಳೋಕಾಗಲ್ಲ, "ಇದು ಸುಳ್ಳು" ಅಂತಾನೂ ಹೇಳೋಕಾಗಲ್ಲ.

ಮತ್ತೆ ಅದರಿಂದ ಉಪಯೋಗ ಏನು? ಬಿ.ಕಾಂ ಓದಿದವರಿಗೆ ಇದು ಗೊತ್ತಿರುತ್ತೆ. ಬ್ಯಾಲೆನ್ಸ್ ಶೀಟ್‌ನಲ್ಲಿ ಈ ವರ್ಷದ ಅಂಕಿ ಪಕ್ಕದಲ್ಲೇ ಹಿಂದಿನ ವರ್ಷದ ಅಂಕಿ ಇರುತ್ತೆ. ಒಂದೇ ಕಾಲಂ ನೋಡಿದರೆ ಏನೂ ತಿಳಿಯಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟಾಗ ಪ್ರಶ್ನೆ ಹುಟ್ಟುತ್ತೆ. ಅಫಿಡವಿಟ್ ಕೂಡ ಹಾಗೇ. ಒಬ್ಬರದೇ ಹಳೇದು, ಹೊಸದು ಪಕ್ಕಪಕ್ಕ ಇಡಬೇಕು. ಇವತ್ತಿನ ಇಡೀ ಮಾತು ಇಷ್ಟೇ.

ಕಾಗದ ಎಲ್ಲಿ ಸಿಗುತ್ತೆ

ಚುನಾವಣಾ ಆಯೋಗದ affidavit.eci.gov.in ಸೈಟ್‌ನಲ್ಲಿ ಚುನಾವಣೆ, ರಾಜ್ಯ, ಕ್ಷೇತ್ರ ಆರಿಸಿದರೆ ಅಭ್ಯರ್ಥಿಗಳ ಪಟ್ಟಿ ಬರುತ್ತೆ, ಅಲ್ಲಿಂದ ಅಫಿಡವಿಟ್‌ನ ಸ್ಕ್ಯಾನ್ ಪ್ರತಿ ತೆಗೆಯಬಹುದು. ಹಳೆಯ ಚುನಾವಣೆಗಳಿಗೆ myneta.info ಸುಲಭ. ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್, ಅಂದ್ರೆ ಎಡಿಆರ್ ಸಂಸ್ಥೆಯವರು ನಡೆಸೋ ಸೈಟ್ ಅದು.

ಆದರೆ ಮೈನೇತಾದಲ್ಲಿ ಕಾಣೋದು ಸಾರಾಂಶ. "ಗ್ರಾಜುಯೇಟ್", "ಪೋಸ್ಟ್ ಗ್ರಾಜುಯೇಟ್" ಅನ್ನೋ ವರ್ಗ ಅವರು ವಿಂಗಡಣೆಗೆ ಹಾಕಿದ್ದು, ಅಭ್ಯರ್ಥಿ ಬರೆದಿದ್ದಲ್ಲ. ಯಾರ ಮೇಲಾದರೂ ಸುಳ್ಳು ಹೇಳಿದರು ಅಂತ ಆರೋಪ ಮಾಡೋ ಮುಂಚೆ ಸ್ಕ್ಯಾನ್ ಪ್ರತಿಯನ್ನೇ ತೆರೆದು, ಅವರು ಬಳಸಿದ ಪದ ಏನು ಅಂತ ನೋಡಲೇಬೇಕು. ಕರ್ನಾಟಕದ ಅಭ್ಯರ್ಥಿಗಳದ್ದು ಎಷ್ಟೋ ಸಲ ಕನ್ನಡದಲ್ಲೇ ಇರುತ್ತೆ, ಓದೋಕೆ ಕಷ್ಟ ಇಲ್ಲ.

ಈ ಅರ್ಜಿಯ ಹೆಸರು ನಮೂನೆ 26. ಅದರ ಮೊದಲ ಸಾಲಲ್ಲೇ ಅಭ್ಯರ್ಥಿಯ ಹೆಸರು, ಇಂಥವರ ಮಗ ಅಥವಾ ಮಗಳು ಅಥವಾ ಹೆಂಡತಿ, ಇಷ್ಟು ವರ್ಷ ವಯಸ್ಸು, ಇಂಥ ಕಡೆ ವಾಸ ಅಂತ ಇರುತ್ತೆ. ಒಂದೇ ಹೆಸರಿನ ಇಬ್ಬರು ಅಭ್ಯರ್ಥಿಗಳು ಇರೋದು ನಮ್ಮಲ್ಲಿ ಮಾಮೂಲು. ಆದ್ದರಿಂದ ಈ ಮೊದಲ ಸಾಲಿನ ತಂದೆ ಹೆಸರು, ವಿಳಾಸ ನೋಡಿ, ಸರಿಯಾದ ವ್ಯಕ್ತಿಯ ಕಾಗದವೇ ಹೌದಾ ಅಂತ ಖಚಿತ ಮಾಡಿಕೊಳ್ಳಿ. ಮಹಿಳಾ ಅಭ್ಯರ್ಥಿ ಆದರೆ ಒಂದು ಚುನಾವಣೆಯಲ್ಲಿ ತಂದೆ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು ಇರಬಹುದು. ಅದು ತಪ್ಪಲ್ಲ, ನಮೂನೆಯಲ್ಲೇ ಆ ಅವಕಾಶ ಇದೆ.

ವಯಸ್ಸು: ಒಂದು ಅಂಕಿಯಿಂದ ಏನು ಗೊತ್ತಾಗುತ್ತೆ

ಮೊದಲು ವಯಸ್ಸು. ಇಲ್ಲಿ ಕೇಳೋದು ಹುಟ್ಟಿದ ದಿನಾಂಕ ಅಲ್ಲ, ವಯಸ್ಸು ಎಷ್ಟು ಅಂತ. ಅದಕ್ಕೇ ಒಂದು ಅಫಿಡವಿಟ್‌ನಿಂದ ಹುಟ್ಟಿದ ದಿನ ಗೊತ್ತಾಗಲ್ಲ, ಹನ್ನೆರಡು ತಿಂಗಳ ಒಂದು ಅವಧಿ ಗೊತ್ತಾಗುತ್ತೆ. ಆದರೆ ಬೇರೆ ಬೇರೆ ತಾರೀಖಿನ ಅಫಿಡವಿಟ್ ಸಿಕ್ಕರೆ ಆ ಅವಧಿಯನ್ನ ಕಿರಿದು ಮಾಡಬಹುದು. ಮಾಡಿ ನೋಡೋಣ.

ಮೋದಿ ಅವರು 2014ರ ಏಪ್ರಿಲ್ 9ರಂದು ವಡೋದರಾದಲ್ಲಿ ನಾಮಪತ್ರ ಸಲ್ಲಿಸಿದರು. ಅದರಲ್ಲಿ ವಯಸ್ಸು 63. ಆ ದಿನಕ್ಕೆ 63 ವರ್ಷ ತುಂಬಿರಬೇಕು, 64 ತುಂಬಿರಬಾರದು. ಅಂದ್ರೆ ಅವರು ಹುಟ್ಟಿದ್ದು 1950ರ ಏಪ್ರಿಲ್ 10ರಿಂದ 1951ರ ಏಪ್ರಿಲ್ 9ರ ಒಳಗೆ.

2019ರ ಏಪ್ರಿಲ್ 26, ವಾರಾಣಸಿ. ವಯಸ್ಸು 68. ಇದೇ ಲೆಕ್ಕ ಹಾಕಿದರೆ 1950ರ ಏಪ್ರಿಲ್ 27ರಿಂದ 1951ರ ಏಪ್ರಿಲ್ 26ರ ಒಳಗೆ.

2024ರ ಮೇ 14, ಮತ್ತೆ ವಾರಾಣಸಿ. ವಯಸ್ಸು 73. ಈ ಸಲ 1950ರ ಮೇ 15ರಿಂದ 1951ರ ಮೇ 14ರ ಒಳಗೆ.

ಮೂರೂ ನಿಜ ಆಗಬೇಕು ಅಂದ್ರೆ ಹುಟ್ಟಿದ ದಿನ ಈ ಮೂರೂ ಅವಧಿಗಳ ಒಳಗೆ ಬೀಳಬೇಕು. ಅದು 1950ರ ಮೇ 15ರಿಂದ 1951ರ ಏಪ್ರಿಲ್ 9. ಅವರ ಹುಟ್ಟುಹಬ್ಬ ಅಂತ ಎಲ್ಲರೂ ಆಚರಿಸೋ ದಿನ 1950ರ ಸೆಪ್ಟೆಂಬರ್ 17. ಅದು ಆರಾಮಾಗಿ ಇದರೊಳಗೆ ಬರುತ್ತೆ. ಪ್ರಮಾಣ ಮಾಡಿದ ದಿನ, ನಾಮಪತ್ರ ಸಲ್ಲಿಸಿದ ದಿನ ಕೆಲವು ಸಲ ಬೇರೆ ಇರುತ್ತೆ. ಆಗ ಈ ಅವಧಿ ಒಂದೆರಡು ದಿನ ಆಚೆಈಚೆ ಸರಿಯುತ್ತೆ ಅಷ್ಟೇ, ಉತ್ತರ ಬದಲಾಗಲ್ಲ.

ಇದರಿಂದ ಏನು ತಿಳಿಯಿತು? ಮೂರು ಅಫಿಡವಿಟ್‌ಗಳೂ ಒಂದಕ್ಕೊಂದು ಹೊಂದುತ್ತೆ. ಇನ್ನು ಇದರ ಮಿತಿ ನೋಡಿ. 2016ರಲ್ಲಿ ಗುಜರಾತಿನ ಕಾಂಗ್ರೆಸ್ ನಾಯಕ ಶಕ್ತಿಸಿಂಹ ಗೋಹಿಲ್ ಅವರು, ವಿಸ್‌ನಗರದ ಕಾಲೇಜಿನ ದಾಖಲಾತಿ ಪುಸ್ತಕದಲ್ಲಿ ಮೋದಿ ಅವರ ಜನ್ಮದಿನಾಂಕ 1949ರ ಆಗಸ್ಟ್ 29 ಅಂತ ಇದೆ ಎಂದು ಆರೋಪಿಸಿದ್ದರು. ಆ ದಿನಾಂಕ ನಮ್ಮ ಅವಧಿಯ ಹೊರಗೆ ಬೀಳುತ್ತೆ. ಅಂದ್ರೆ ಅಫಿಡವಿಟ್‌ಗಳು ಆ ದಿನಾಂಕವನ್ನ ಬೆಂಬಲಿಸಲ್ಲ. ಆದರೆ ಕಾಲೇಜಿನ ಪುಸ್ತಕ ಸರಿಯೋ, ಅಫಿಡವಿಟ್ ಸರಿಯೋ ಅಂತ ಅಫಿಡವಿಟ್ ಇಟ್ಟುಕೊಂಡೇ ತೀರ್ಮಾನ ಮಾಡೋಕಾಗಲ್ಲ. ನಮ್ಮ ಅಜ್ಜ-ಅಜ್ಜಿ, ಅಪ್ಪ-ಅಮ್ಮನ ತಲೆಮಾರಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದ ತಾರೀಖು ಬರೆದುಕೊಳ್ತಿದ್ದದ್ದು ನಿಮ್ಮ ಮನೆಯಲ್ಲೂ ಕೇಳಿರ್ತೀರಿ. ಎರಡು ದಾಖಲೆಯಲ್ಲಿ ಎರಡು ತಾರೀಖು ಇದ್ದ ತಕ್ಷಣ ಅದು ಮೋಸ ಅಲ್ಲ.

ಹಾಗಾದ್ರೆ ವಯಸ್ಸು ಯಾವಾಗ ನಿಜಕ್ಕೂ ಮುಖ್ಯ ಆಗುತ್ತೆ? ಕನಿಷ್ಠ ವಯಸ್ಸಿನ ಹತ್ತಿರ ಇರುವಾಗ. ವಿಧಾನಸಭೆಗೂ ಲೋಕಸಭೆಗೂ ನಿಲ್ಲೋಕೆ 25 ತುಂಬಿರಬೇಕು. ಉತ್ತರ ಪ್ರದೇಶದ ಸ್ವಾರ್ ಕ್ಷೇತ್ರದಲ್ಲಿ 2017ರಲ್ಲಿ ಸಮಾಜವಾದಿ ಪಕ್ಷದ ಅಬ್ದುಲ್ಲಾ ಆಜಂ ಖಾನ್ ಗೆದ್ದರು. ಅವರ ಶಾಲಾ ಸರ್ಟಿಫಿಕೇಟ್‌ನಲ್ಲಿ 1993ರ ಜನವರಿ 1, ಅವರು ಹೇಳಿದ್ದು 1990ರ ಸೆಪ್ಟೆಂಬರ್ 30. ಮೊದಲನೆಯದು ಸರಿ ಆದರೆ ನಾಮಪತ್ರದ ಹೊತ್ತಿಗೆ 24, ಎರಡನೆಯದು ಸರಿ ಆದರೆ 26. 2019ರ ಡಿಸೆಂಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಆಯ್ಕೆಯನ್ನೇ ರದ್ದು ಮಾಡಿತು, 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. 63 ವರ್ಷದವರಿಗೆ ಒಂದು ವರ್ಷ ಆಚೀಚೆ ಆದರೆ ಅದು ಚರ್ಚೆಯ ವಿಷಯ, 24 ವರ್ಷದವರಿಗೆ ಕುರ್ಚಿಯೇ ಹೋಗುತ್ತೆ.

ಓದು: ಯಾರು ಏನು ಹೇಳಿದರು ಅಂತ ಬೇರೆ ಬೇರೆ ಮಾಡಿ

ಈಗ ಓದು. ನಮೂನೆಯಲ್ಲಿ ಕೇಳೋದು ಅತ್ಯುನ್ನತ ವಿದ್ಯಾರ್ಹತೆ, ಕೋರ್ಸಿನ ಪೂರ್ತಿ ಹೆಸರು, ಶಾಲೆ ಅಥವಾ ಕಾಲೇಜು ಅಥವಾ ವಿಶ್ವವಿದ್ಯಾಲಯ, ಮುಗಿಸಿದ ವರ್ಷ. ಡಿಗ್ರಿ ಸರ್ಟಿಫಿಕೇಟ್ ಲಗತ್ತಿಸಬೇಕು ಅಂತ ಇಲ್ಲ. ಇದು ಗೊತ್ತಿಲ್ಲದೆ "ಅಫಿಡವಿಟ್ ಜೊತೆ ಡಿಗ್ರಿ ಕಾಪಿ ಇಲ್ಲ, ಅದಕ್ಕೇ ಫೇಕ್" ಅಂತ ಹೇಳೋರಿದ್ದಾರೆ. ಯಾರ ಅಫಿಡವಿಟ್ ಜೊತೆಗೂ ಅದು ಇರಬೇಕಿಲ್ಲ.

ಮೋದಿ ಅವರು ಬರೆದಿರೋದು ಹೀಗೆ: 1967ರಲ್ಲಿ ಗುಜರಾತ್ ಬೋರ್ಡ್‌ನಿಂದ ಎಸ್‌ಎಸ್‌ಸಿ, 1978ರಲ್ಲಿ ದೆಹಲಿ ವಿಶ್ವವಿದ್ಯಾಲಯದಿಂದ ಬಿ.ಎ., 1983ರಲ್ಲಿ ಗುಜರಾತ್ ವಿಶ್ವವಿದ್ಯಾಲಯದಿಂದ ಎಂ.ಎ. 2014ರಿಂದ 2024ರವರೆಗೆ ಮೂರು ಲೋಕಸಭಾ ಚುನಾವಣೆಯಲ್ಲೂ ಇದೇ. ಅಂದ್ರೆ ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಇಲ್ಲ.

ಇಲ್ಲಿಂದ ಮುಂದೆ ಅಫಿಡವಿಟ್ ದಾಟಿ ಹೋಗಬೇಕು. ಹಾಗೆ ಹೋಗುವಾಗ ಒಂದು ಶಿಸ್ತು ಬೇಕು: ಅಭ್ಯರ್ಥಿ ಏನು ಹೇಳಿದರು, ವಿಶ್ವವಿದ್ಯಾಲಯ ಏನು ಹೇಳಿತು, ಮೂರನೆಯವರು ಸ್ವತಃ ಏನು ನೋಡಿದರು. ಈ ಮೂರನ್ನ ಕಲಸಬಾರದು.

ಅಭ್ಯರ್ಥಿ ಹೇಳಿದ್ದು ಈಗ ಕೇಳಿದ್ರಿ. 2016ರ ಮೇ ತಿಂಗಳಲ್ಲಿ ಅಮಿತ್ ಶಾ ಮತ್ತು ಅರುಣ್ ಜೇಟ್ಲಿ ಪತ್ರಿಕಾಗೋಷ್ಠಿ ಮಾಡಿ ಎರಡೂ ಡಿಗ್ರಿಗಳ ಪ್ರತಿ ತೋರಿಸಿದರು. ಅದು ಅವರ ಪಕ್ಷ ಹೇಳಿದ್ದು. ಅದಾದ ಮೇಲೆ ದೆಹಲಿ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್, ನಮ್ಮ ದಾಖಲೆ ನೋಡಿದ್ದೇವೆ, ಡಿಗ್ರಿ ಅಸಲಿ, ಪರೀಕ್ಷೆ ಪಾಸಾಗಿದ್ದು 1978ರಲ್ಲಿ, ಡಿಗ್ರಿ ಕೊಟ್ಟಿದ್ದು 1979ರಲ್ಲಿ ಅಂದರು. ಇದು ಸಂಸ್ಥೆ ಹೇಳಿದ್ದು.

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಅಫಿಡವಿಟ್‌ನಲ್ಲಿ 1978, ಡಿಗ್ರಿ ಕಾಗದದಲ್ಲಿ 1979. ಇದನ್ನ ಹಿಡ್ಕೊಂಡು "ನೋಡಿ, ವರ್ಷ ಬೇರೆ" ಅಂತ ಹೇಳಿದೋರು ಇದ್ದರು. ಆದರೆ ನಿಮ್ಮದೇ ಮಾರ್ಕ್ಸ್ ಕಾರ್ಡು, ಘಟಿಕೋತ್ಸವ ಸರ್ಟಿಫಿಕೇಟು ತೆಗೆದು ನೋಡಿ. ಪಾಸಾದ ವರ್ಷ ಒಂದು, ಘಟಿಕೋತ್ಸವದ ವರ್ಷ ಇನ್ನೊಂದು ಇರೋದು ಸಾಮಾನ್ಯ. ನಮೂನೆ ಕೇಳೋದು ಕೋರ್ಸ್ ಮುಗಿಸಿದ ವರ್ಷ. ಒಂದು ವರ್ಷದ ವ್ಯತ್ಯಾಸ ಸಿಕ್ಕರೆ ಮೊದಲು ಈ ಕಾರಣ ಇದೆಯಾ ನೋಡಬೇಕು.

ಇನ್ನು ಮೂರನೆಯದು, ಹೊರಗಿನವರು ಸ್ವತಃ ದಾಖಲೆ ನೋಡೋದು. ಇದು ಆಗಲಿಲ್ಲ. ಕೇಂದ್ರ ಮಾಹಿತಿ ಆಯೋಗ 2016ರಲ್ಲಿ ಎರಡು ಆದೇಶ ಕೊಟ್ಟಿತ್ತು. ಒಂದು, ಡಿಗ್ರಿ ಮಾಹಿತಿ ಹುಡುಕಿ ಅರವಿಂದ ಕೇಜ್ರಿವಾಲ್ ಅವರಿಗೆ ಕೊಡಿ ಅಂತ. ಇನ್ನೊಂದು, 1978ರಲ್ಲಿ ಬಿ.ಎ. ಪಾಸಾದವರ ದಾಖಲೆಗಳನ್ನ ನೋಡೋಕೆ ಬಿಡಿ ಅಂತ ದೆಹಲಿ ವಿಶ್ವವಿದ್ಯಾಲಯಕ್ಕೆ. ಮೊದಲನೆಯದನ್ನ ಗುಜರಾತ್ ಹೈಕೋರ್ಟ್ 2023ರ ಮಾರ್ಚ್ 31ರಂದು ರದ್ದು ಮಾಡಿ, ಕೇಜ್ರಿವಾಲ್‌ಗೆ 25,000 ರೂಪಾಯಿ ದಂಡವನ್ನೂ ಹಾಕಿತು. ಎರಡನೆಯದನ್ನ ದೆಹಲಿ ಹೈಕೋರ್ಟ್ 2025ರ ಆಗಸ್ಟ್ 25ರಂದು ರದ್ದು ಮಾಡಿತು.

ಈಗ ಇದನ್ನ ನೀವು ಒಂದು ವಾಕ್ಯದಲ್ಲಿ ಬರೆಯಬೇಕು ಅಂದ್ಕೊಳ್ಳಿ. "ಡಿಗ್ರಿ ಫೇಕ್ ಅಂತ ಸಾಬೀತಾಗಿದೆ" ಅನ್ನೋದು ತಪ್ಪು, ಯಾವ ಕೋರ್ಟೂ ಹಾಗೆ ಹೇಳಿಲ್ಲ. "ಕೋರ್ಟು ಡಿಗ್ರಿ ಪರಿಶೀಲಿಸಿ ಅಸಲಿ ಅಂದಿದೆ" ಅನ್ನೋದೂ ತಪ್ಪು, ಆ ಎರಡೂ ತೀರ್ಪು ಬಂದಿದ್ದು ಬೇರೆಯವರಿಗೆ ಆ ಮಾಹಿತಿ ಕೇಳೋ ಹಕ್ಕು ಇದೆಯಾ ಅನ್ನೋ ಪ್ರಶ್ನೆಗೆ. ಸರಿಯಾದ ವಾಕ್ಯ ಹೀಗಿರುತ್ತೆ: ಅವರು ಪ್ರಮಾಣ ಮಾಡಿ ಹೇಳಿದ್ದಾರೆ, ವಿಶ್ವವಿದ್ಯಾಲಯ ಹೌದು ಅಂದಿದೆ, ಹೊರಗಿನವರಿಗೆ ಮೂಲ ದಾಖಲೆ ನೋಡೋ ಆದೇಶವನ್ನ ಹೈಕೋರ್ಟ್ ರದ್ದು ಮಾಡಿದೆ. ಸ್ವಲ್ಪ ಉದ್ದ, ಫಾರ್ವರ್ಡ್ ಮಾಡೋಕೆ ಮಜಾ ಇಲ್ಲ, ಆದರೆ ಇದರಲ್ಲಿ ಒಂದು ಪದಾನೂ ಯಾರೂ ಅಲ್ಲಗಳೆಯೋಕೆ ಆಗಲ್ಲ.

ಹಳೇ ಅಫಿಡವಿಟ್ ಪಕ್ಕದಲ್ಲಿ ಇಡೋದ್ರಿಂದ ಏನಾಗುತ್ತೆ ಅಂತ ನೋಡೋಕೆ ಇನ್ನೊಂದು ಕೇಸ್ ಇದೆ. ಇದರಲ್ಲಿ ನಮ್ಮ ಮೈಸೂರು ಬರುತ್ತೆ. ಮಣಿಪುರದ ಮೊಯಿರಾಂಗ್ ಕ್ಷೇತ್ರದಲ್ಲಿ 2012ರಲ್ಲಿ ಎನ್‌ಸಿಪಿಯ ಮೈರೆಂಬಮ್ ಪೃಥ್ವಿರಾಜ್ ಗೆದ್ದರು. ಅಫಿಡವಿಟ್‌ನಲ್ಲಿ 2004ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಎಂಬಿಎ ಅಂತ ಬರೆದಿದ್ದರು. ಸೋತ ಅಭ್ಯರ್ಥಿ ಕೋರ್ಟಿಗೆ ಹೋದರು. ಅವರು ಅಲ್ಲಿ ಎಂಬಿಎ ಓದಿಲ್ಲ ಅನ್ನೋದು ಕೋರ್ಟಿನಲ್ಲಿ ಸ್ಪಷ್ಟವಾಯಿತು. ಆಗ ಅವರ ವಾದ, ಇದು ಬರವಣಿಗೆಯಲ್ಲಿ ಆದ ಸಣ್ಣ ತಪ್ಪು ಅಂತ.

ಬರೆಯೋರ ಕೈತಪ್ಪು ಅನ್ನೋದು ಎಲ್ಲರೂ ಕೊಡೋ ಉತ್ತರ. ಕೆಲವು ಸಲ ನಿಜಾನೂ ಇರುತ್ತೆ, ಕೊನೇ ದಿನದ ಗಡಿಬಿಡಿಯಲ್ಲಿ ವಕೀಲರ ಆಫೀಸಲ್ಲಿ ಟೈಪ್ ಆಗೋ ಕಾಗದ ಅದು. ಆದರೆ ಇಲ್ಲಿ ಆ ವಾದ ನಿಲ್ಲಲಿಲ್ಲ. ಯಾಕಂದ್ರೆ 2008ರ ಅವರ ಅಫಿಡವಿಟ್‌ನಲ್ಲೂ ಅದೇ ಎಂಬಿಎ ಇತ್ತು. ಒಂದು ಸಲ ಆದರೆ ಕೈತಪ್ಪು, ನಾಲ್ಕು ವರ್ಷದ ಅಂತರದಲ್ಲಿ ಎರಡು ಸಲ ಆದರೆ ಅದು ಹೇಳಿಕೆ. 2016ರ ಅಕ್ಟೋಬರ್ 28ರಂದು ಸುಪ್ರೀಂ ಕೋರ್ಟ್ ಅವರ ಆಯ್ಕೆ ರದ್ದಾದದ್ದನ್ನ ಎತ್ತಿಹಿಡಿಯಿತು. ವಿದ್ಯಾರ್ಹತೆ ಬಗ್ಗೆ ಸುಳ್ಳು ಘೋಷಣೆ ಅನ್ನೋದು ಸಣ್ಣಪುಟ್ಟ ಲೋಪ ಅಲ್ಲ, ಗಂಭೀರ ಸ್ವರೂಪದ ದೋಷ ಅಂತ ಹೇಳಿತು. ಕಣದಲ್ಲಿ ಇದ್ದಿದ್ದು ಇಬ್ಬರೇ ಅಭ್ಯರ್ಥಿಗಳು. ಹಾಗಾಗಿ ಈ ಸುಳ್ಳಿನಿಂದ ಫಲಿತಾಂಶ ಬದಲಾಯಿತು ಅಂತ ಬೇರೆ ಸಾಬೀತು ಮಾಡೋ ಅಗತ್ಯ ಬೀಳಲಿಲ್ಲ. ಹತ್ತು ಜನ ನಿಂತಿದ್ದರೆ ಅದೂ ಒಂದು ದೊಡ್ಡ ವಾದ ಆಗ್ತಿತ್ತು.

ಕುಟುಂಬ: ಖಾಲಿ, "ಅನ್ವಯಿಸಲ್ಲ", "ಗೊತ್ತಿಲ್ಲ"

ಕೊನೆಯದು ಕುಟುಂಬ. ಇಲ್ಲಿ ಬರೆದಿರೋದಷ್ಟೇ ಅಲ್ಲ, ಬರೆಯದೆ ಬಿಟ್ಟಿರೋದನ್ನೂ ಓದಬೇಕು.

ಮೋದಿ ಅವರು 2012ರ ಗುಜರಾತ್ ವಿಧಾನಸಭಾ ಚುನಾವಣೆಯ ಅಫಿಡವಿಟ್‌ನಲ್ಲಿ ಸಂಗಾತಿಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ಮದುವೆ ಆಗಿಲ್ಲ ಅಂತ ಬರೆದಿರಲಿಲ್ಲ, ಆಗಿದೆ ಅಂತಾನೂ ಬರೆದಿರಲಿಲ್ಲ. 2014ರ ಏಪ್ರಿಲ್‌ನಲ್ಲಿ ವಡೋದರಾದಲ್ಲಿ ಮೊದಲ ಸಲ ಪತ್ನಿಯ ಹೆಸರು ಬರೆದರು. ಅವರ ಹೆಸರನ್ನ ನಾನಿಲ್ಲಿ ಹೇಳಲ್ಲ, ಅವರು ಚುನಾವಣೆಗೆ ನಿಂತವರಲ್ಲ. ಪತ್ನಿಯ ಆಸ್ತಿ, ಆದಾಯದ ಕಾಲಂಗಳಲ್ಲಿ ಮಾಹಿತಿ ಇಲ್ಲ ಅಂತ ಬರೆದರು. 2019, 2024ರಲ್ಲೂ ಹೆಸರು ಇದೆ, ವಿವರ ಗೊತ್ತಿಲ್ಲ ಅಂತ ಇದೆ.

ಹದಿನೇಳು ತಿಂಗಳ ಒಳಗೆ ಖಾಲಿ ಜಾಗ ಯಾಕೆ ತುಂಬಿತು? ಅದರ ಮಧ್ಯೆ ಒಂದು ತೀರ್ಪು ಬಂತು. 2013ರ ಸೆಪ್ಟೆಂಬರ್ 13ರಂದು, ರಿಸರ್ಜೆನ್ಸ್ ಇಂಡಿಯಾ ಅನ್ನೋ ಸಂಸ್ಥೆ ಹಾಕಿದ್ದ ಕೇಸಿನಲ್ಲಿ, ಅಫಿಡವಿಟ್‌ನ ಯಾವ ಕಾಲಂ ಕೂಡ ಖಾಲಿ ಬಿಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಏನೂ ಇಲ್ಲದಿದ್ದರೆ "ಇಲ್ಲ" ಅಂತ, ಸಂಬಂಧ ಇಲ್ಲದಿದ್ದರೆ "ಅನ್ವಯಿಸಲ್ಲ" ಅಂತ, ತಿಳಿಯದಿದ್ದರೆ "ಗೊತ್ತಿಲ್ಲ" ಅಂತ ಬರೀಬೇಕು. ಖಾಲಿ ಇದ್ದರೆ ಚುನಾವಣಾಧಿಕಾರಿ ತುಂಬಿ ಅಂತ ನೆನಪಿಸಬೇಕು, ಆಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕಾರ ಮಾಡಬಹುದು.

ಇದು ನಮ್ಮ ಕೆಲಸಕ್ಕೆ ಬಹಳ ಮುಖ್ಯ. 2013ಕ್ಕಿಂತ ಹಿಂದಿನ ಅಫಿಡವಿಟ್‌ನಲ್ಲಿ ಖಾಲಿ ಜಾಗ ಕಂಡರೆ, ಆಗ ಬಹಳ ಜನ ಹಾಗೇ ಬಿಡ್ತಿದ್ದರು, ಅದರಿಂದ ಇಲ್ಲ ಅಂತಾನೂ ಇದೆ ಅಂತಾನೂ ಊಹೆ ಮಾಡಬಾರದು. 2013ರ ನಂತರ ಬರೆದಿರೋ ಪ್ರತಿ ಪದಕ್ಕೂ ಅರ್ಥ ಇದೆ. "ಅನ್ವಯಿಸಲ್ಲ" ಅಂದ್ರೆ ಅಂಥವರು ಇಲ್ಲ ಅಂತ ಪ್ರಮಾಣ ಮಾಡಿದ ಹಾಗೆ. "ಗೊತ್ತಿಲ್ಲ" ಅಂದ್ರೆ ಇದ್ದಾರೆ, ವಿವರ ನನ್ನ ಬಳಿ ಇಲ್ಲ ಅಂತ. ಮೊದಲನೆಯದು ಸುಳ್ಳು ಅಂತ ತೋರಿಸೋದು ಸಾಧ್ಯ, ಎರಡನೆಯದು ಸುಳ್ಳು ಅಂತ ತೋರಿಸೋದು ತುಂಬಾ ಕಷ್ಟ.

ಇನ್ನೊಂದು ಕಡೆ ಜನ ಎಡವೋದು ಮಕ್ಕಳ ವಿಷಯದಲ್ಲಿ. ಅಫಿಡವಿಟ್‌ನಲ್ಲಿ ಅವಲಂಬಿತರು 1, 2, 3 ಅಂತ ಕಾಲಂ ಇರುತ್ತೆ. ಅದು ಮಕ್ಕಳ ಪಟ್ಟಿ ಅಲ್ಲ. ಸ್ವಂತ ಆದಾಯ ಇಲ್ಲದೆ ಅಭ್ಯರ್ಥಿಯ ಮೇಲೇ ಅವಲಂಬಿತರಾದ ತಂದೆ ತಾಯಿ, ಮಕ್ಕಳು, ಹತ್ತಿರದ ಸಂಬಂಧಿಗಳು ಮಾತ್ರ ಅಲ್ಲಿ ಬರ್ತಾರೆ. ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದರೆ, ಮಗಳು ಡಾಕ್ಟರ್ ಆಗಿದ್ದರೆ ಅವರ ಹೆಸರು ಇರಲ್ಲ. ಹಳೇ ಅಫಿಡವಿಟ್‌ನಲ್ಲಿ ಇಬ್ಬರು ಮಕ್ಕಳಿದ್ದು ಹೊಸದರಲ್ಲಿ ಯಾರೂ ಇಲ್ಲ ಅಂದ್ರೆ, ಮುಚ್ಚಿಟ್ಟರು ಅಂತಲ್ಲ, ಮಕ್ಕಳು ದುಡಿಯೋಕೆ ಶುರು ಮಾಡಿರಬಹುದು.

ಸಿಕ್ಕಿಬಿದ್ದರೆ ಮುಂದೇನು, ಯಾವಾಗಿನೊಳಗೆ

ಸರಿ, ನಿಜಕ್ಕೂ ಒಂದು ವ್ಯತ್ಯಾಸ ಸಿಕ್ಕಿತು ಅಂದ್ಕೊಳ್ಳಿ. ಇಲ್ಲಿ ಸಮಯದ್ದೇ ಆಟ.

ನಾಮಪತ್ರದ ಹಂತದಲ್ಲೇ ಸಿಕ್ಕರೆ, ಅಭ್ಯರ್ಥಿ ಹೇಳಿದ್ದು ತಪ್ಪು ಅಂತ ನೀವೂ ಪ್ರಮಾಣ ಮಾಡಿ ಚುನಾವಣಾಧಿಕಾರಿಗೆ ಒಂದು ಪ್ರತಿ-ಅಫಿಡವಿಟ್ ಕೊಡಬಹುದು. ಅವರು ತನಿಖೆ ಮಾಡಲ್ಲ, ಆದರೆ ಅಭ್ಯರ್ಥಿಯ ಅಫಿಡವಿಟ್ ಜೊತೆ ನಿಮ್ಮದನ್ನೂ ಪ್ರಕಟಿಸಬೇಕು. ನೆನಪಿಡಿ, ನೀವು ಹಾಕೋದೂ ಪ್ರಮಾಣವೇ, ಸುಳ್ಳಾದರೆ ನಿಮ್ಮ ಮೇಲೂ ಕೇಸಾಗುತ್ತೆ.

ಫಲಿತಾಂಶ ಬಂದ ಮೇಲೆ ಆಯ್ಕೆಯನ್ನೇ ಪ್ರಶ್ನೆ ಮಾಡಬೇಕು ಅಂದ್ರೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಅದನ್ನ ಆ ಕ್ಷೇತ್ರದ ಮತದಾರರು ಅಥವಾ ಅಲ್ಲಿ ನಿಂತ ಅಭ್ಯರ್ಥಿ ಮಾತ್ರ ಹಾಕಬಹುದು, ಅದೂ 45 ದಿನದೊಳಗೆ. 46ನೇ ದಿನ ಎಂಥ ಸಾಕ್ಷಿ ತಂದರೂ ಆ ಬಾಗಿಲು ಮುಚ್ಚಿರುತ್ತೆ.

ಮೂರನೆಯ ದಾರಿ ಕ್ರಿಮಿನಲ್ ದೂರು. ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಂ ಪ್ರಕಾರ ಅಫಿಡವಿಟ್‌ನಲ್ಲಿ ಸುಳ್ಳು ಹೇಳಿದರೆ ಅಥವಾ ಮಾಹಿತಿ ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಶಿಕ್ಷೆ ಚಿಕ್ಕದು. ಚಿಕ್ಕ ಶಿಕ್ಷೆಯ ಅಪರಾಧಗಳಿಗೆ ದೂರು ಕೊಡೋ ಗಡುವೂ ಚಿಕ್ಕದು, ಒಂದು ವರ್ಷ. ಮೋದಿ ಅವರ 2012ರ ಖಾಲಿ ಕಾಲಂ ಬಗ್ಗೆ 2014ರಲ್ಲಿ ಅಹ್ಮದಾಬಾದಿನ ಕೋರ್ಟಿಗೆ ದೂರು ಹೋಯಿತು. ಅದು ಮುಂದೆ ಹೋಗಲಿಲ್ಲ. ಕಾರಣ, ಆ ಒಂದು ವರ್ಷದ ಗಡುವು ಮುಗಿದಿತ್ತು. 2014ರ ಅಫಿಡವಿಟ್ ಬರೋವರೆಗೆ ಪಕ್ಕದಲ್ಲಿ ಇಟ್ಟು ನೋಡೋಕೆ ಎರಡನೇ ಕಾಗದವೇ ಇರಲಿಲ್ಲ, ಅದು ಬರೋ ಹೊತ್ತಿಗೆ ಗಡುವು ಮುಗಿದೇ ಹೋಗಿತ್ತು.

ಕಾನೂನಿನಲ್ಲಿರೋ ದೊಡ್ಡ ತೊಡಕು ಇದೇ. ಸುಳ್ಳು ಕಣ್ಣಿಗೆ ಬೀಳೋದು ಸಾಮಾನ್ಯವಾಗಿ ಮುಂದಿನ ಚುನಾವಣೆಯ ಅಫಿಡವಿಟ್ ಬಂದಾಗ, ಅಂದ್ರೆ ಐದು ವರ್ಷಕ್ಕೆ. ಗಡುವು ಒಂದು ವರ್ಷ ಅಥವಾ 45 ದಿನ. ಅದಕ್ಕೇ ಹೊಸ ಅಫಿಡವಿಟ್ ಅಪ್‌ಲೋಡ್ ಆದ ವಾರದಲ್ಲೇ ಹಳೇದರ ಪಕ್ಕ ಇಟ್ಟು ನೋಡಬೇಕು, ಗಲಾಟೆ ಎದ್ದ ಮೇಲೆ ಅಲ್ಲ. ಮುಂದಿನ ಸಲ ನಿಮ್ಮ ಕ್ಷೇತ್ರದಲ್ಲಿ ನಾಮಪತ್ರ ಸಲ್ಲಿಕೆ ಮುಗಿದ ದಿನ, ನಿಮ್ಮ ಹಾಲಿ ಶಾಸಕರ ಎರಡು ಅಫಿಡವಿಟ್ ತೆಗೆದು ಮೊದಲ ಸಾಲು, ಓದಿನ ಸಾಲು, ಸಂಗಾತಿಯ ಕಾಲಂ, ಈ ಮೂರನ್ನ ಮಾತ್ರ ನೋಡಿ. ಅರ್ಧ ಗಂಟೆ ಸಾಕು. ಎಲ್ಲ ಹೊಂದಿಕೆ ಆದರೆ ಆ ಸ್ಕ್ರೀನ್‌ಶಾಟ್ ಕಳಿಸಿದ ಗೆಳೆಯನಿಗೆ ಅದನ್ನೂ ಹೇಳಿ.